ಲ್ಯೆಲೊ ಎಲ್ಲಿ ಕೂರುತ್ತದೆ? ಇಟಾಲಿಯನ್ ಜೋಡಿ ಸರ್ವನಾಮಗಳ ಬಗ್ಗೆ

ಪ್ರಶ್ನೆ: ಇಟಾಲಿಯನ್ ಕಲೀತಾ ಇದೀನಿ. ‘ಅದನ್ನು ಅವರಿಗೆ’ ಅನ್ನೋ ಅರ್ಥದ ‘ಲ್ಯೆಲೊ’ ಪದ ಕೆಲವು ಕಡೆ ಕ್ರಿಯಾಪದಕ್ಕಿಂತ ಮೊದಲು ಬರುತ್ತೆ, ಕೆಲವು ಕಡೆ ಅದರ ಕೊನೆಗೆ ಅಂಟಿಕೊಂಡಿರುತ್ತೆ. ಯಾವಾಗ ಎಲ್ಲಿ? ಅದು ‘ಅವನಿಗೆ’ ಅಂತಲೋ ‘ಅವಳಿಗೆ’ ಅಂತಲೋ ಹೇಗೆ ಗೊತ್ತಾಗೋದು?

ಉತ್ತರ:

ಜಾಗ ನಿರ್ಧಾರವಾಗುವುದು ಕ್ರಿಯಾಪದದ ರೂಪದಿಂದ. ಯಾರು ಮಾಡುತ್ತಿದ್ದಾರೆ ಎಂಬುದು ಕ್ರಿಯಾಪದದ ಕೊನೆಯಲ್ಲೇ ಕಾಣುವಂತಿದ್ದರೆ ಲ್ಯೆಲೊ ಅದಕ್ಕಿಂತ ಮೊದಲು, ಬಿಡಿಯಾಗಿ ಬರುತ್ತದೆ. ಹಾಗೆ ಕಾಣದ ರೂಪಗಳಿಗೆ ಕೊನೆಯಲ್ಲಿ ಅಂಟಿಕೊಳ್ಳುತ್ತದೆ. ಆಜ್ಞಾರ್ಥದ್ದು ಮಾತ್ರ ಬೇರೆ ಲೆಕ್ಕ, ಅದಕ್ಕೆ ಆಮೇಲೆ ಬರುತ್ತೇನೆ. ಇಟಾಲಿಯನ್ ಹೇಳಿಕೊಡುವಾಗ ನಾನು ಒಂದೇ ವಾಕ್ಯ ಇಟ್ಟುಕೊಂಡು ಅದನ್ನೇ ತಿರುಗಿಸುತ್ತಾ ಹೋಗುತ್ತೇನೆ, ಇಲ್ಲೂ ಹಾಗೇ ಮಾಡೋಣ.

ಇಟಲಿಯಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದಿದ್ದೀರಿ. ಒಪ್ಪಂದದ ಪತ್ರವನ್ನು ಮನೆಯ ಯಜಮಾನಿಗೆ ತಲುಪಿಸಬೇಕು. ಒಪ್ಪಂದಕ್ಕೆ ‘ಕೊಂತ್ರಾತ್ತೊ’ ಎನ್ನುತ್ತಾರೆ, ಪುಲ್ಲಿಂಗ, ಆದ್ದರಿಂದ ‘ಅದನ್ನು’ ಎಂಬುದಕ್ಕೆ ‘ಲೊ’. ಯಜಮಾನಿ ‘ಸಿನ್ಯೋರಾ’, ‘ಅವರಿಗೆ’ ಎಂಬುದಕ್ಕೆ ‘ಲೆ’. ‘ಪೋರ್ತೊ’ ಅಂದರೆ ‘ತಲುಪಿಸುತ್ತೇನೆ’. ‘ಒಪ್ಪಂದವನ್ನು ಅವರಿಗೆ ತಲುಪಿಸುತ್ತೇನೆ’ ಎನ್ನಲು ‘ಲೆ ಪೋರ್ತೊ ಇಲ್ ಕೊಂತ್ರಾತ್ತೊ’. ‘ಅದನ್ನು ಸಿನ್ಯೋರಾಗೆ ತಲುಪಿಸುತ್ತೇನೆ’ ಎನ್ನಲು ‘ಲೊ ಪೋರ್ತೊ ಆಲ್ಲಾ ಸಿನ್ಯೋರಾ’. ಈಗ ಎರಡನ್ನೂ ಸರ್ವನಾಮ ಮಾಡಿದರೆ ‘ಲೆ ಲೊ ಪೋರ್ತೊ’ ಆಗಬೇಕಲ್ಲವೇ ಎಂದು ಎಲ್ಲರಿಗೂ ಅನಿಸುತ್ತದೆ. ಇಟಾಲಿಯನ್ನಿನಲ್ಲಿ ‘ಲೆ ಲೊ’ ಎಂಬ ಜೋಡಿಯೇ ಇಲ್ಲ. ಹೇಳುವುದು ‘ಲ್ಯೆಲೊ ಪೋರ್ತೊ’.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ‘ಲ್ಯಿ’ ಅಂದರೆ ಅವನಿಗೆ, ‘ಲೆ’ ಅಂದರೆ ಅವಳಿಗೆ. ಒಂಟಿಯಾಗಿದ್ದಾಗ ಇವು ಬೇರೆ ಬೇರೆ. ಹಿಂದೆ ಲೊ, ಲಾ, ಲಿ, ಲೆ ಅಥವಾ ನೆ ಸೇರಿದ ಕೂಡಲೇ ಎರಡೂ ‘ಲ್ಯೆ’ ಆಗುತ್ತವೆ. ಗೌರವದ ‘ನಿಮಗೆ’ ಎಂಬುದೂ ಅದೇ. ಈಗಿನ ಮಾತಿನಲ್ಲಿ ಬಹುವಚನದ ‘ಅವರಿಗೆ’ ಎಂಬುದೂ ಅದೇ. ಹಾಗಾಗಿ ‘ಲ್ಯೆಲೊ ಪೋರ್ತೊ’ ಅಂದಾಗ ಅವನಿಗೋ, ಅವಳಿಗೋ, ನಿಮಗೋ, ಅವರೆಲ್ಲರಿಗೋ ಎಂದು ಪದ ನೋಡಿ ಹೇಳಲಾಗದು. ಮಾತಿನ ಹಿಂದುಮುಂದು ನೋಡಿಯೇ ತಿಳಿಯಬೇಕು. ಗೊಂದಲವಾದೀತು ಅನಿಸಿದರೆ ಇಟಲಿಯವರು ಜೋಡಿಯನ್ನೇ ಬಿಟ್ಟು ‘ಲೊ ಪೋರ್ತೊ ಅ ಲೇಯಿ’, ಅಂದರೆ ‘ಅವಳಿಗೇ ತಲುಪಿಸುತ್ತೇನೆ’, ಎಂದು ಬಿಡಿಸಿ ಹೇಳುತ್ತಾರೆ. ಹದಿನಾಲ್ಕನೇ ಶತಮಾನದ ಫ್ಲಾರೆನ್ಸಿನ ಬರಹಗಳಲ್ಲಿ ಇದು ಇನ್ನೂ ಅಸ್ಪಷ್ಟವಾಗಿತ್ತು: ‘ಲ್ಯೆಲೆ’ ಎಂಬ ಒಂದೇ ರೂಪವನ್ನು ಲಿಂಗ, ವಚನ ನೋಡದೆ ಎಲ್ಲಕ್ಕೂ ಬಳಸುತ್ತಿದ್ದರು. ಕೊನೆಯ ಭಾಗ ಬದಲಾಗಿ ಲ್ಯೆಲೊ, ಲ್ಯೆಲಾ, ಲ್ಯೆಲಿ, ಲ್ಯೆಲೆ ಎಂದು ಕವಲೊಡೆದದ್ದು ನಮಗೆ ಅನುಕೂಲವೇ ಆಗಿದೆ. ಯಾರಿಗೆ ಎಂಬುದು ಮಸುಕಾದರೂ ಏನನ್ನು ಎಂಬುದರ ಲಿಂಗ, ವಚನ ಕಾಣುತ್ತದೆ.

ಬರೆಯುವಾಗ ಒಂದು ಎಚ್ಚರ. ‘ಮೆ ಲೊ’ (ನನಗೆ ಅದನ್ನು), ‘ತೆ ಲೊ’ (ನಿನಗೆ ಅದನ್ನು) ಕ್ರಿಯಾಪದಕ್ಕಿಂತ ಮೊದಲು ಬಂದಾಗ ಎರಡು ಪದಗಳು. ಲ್ಯೆಲೊ ಮಾತ್ರ ಯಾವಾಗಲೂ ಒಂದೇ ಪದ: ಜಿ, ಎಲ್, ಐ, ಇ, ಎಲ್, ಓ. ಅದರೊಳಗಿನ ‘ಇ’ ಅಕ್ಷರವೇ ಎರಡು ಸರ್ವನಾಮಗಳನ್ನು ಬೆಸೆದಿರುವುದು. ‘ಯಾರಿಗೆ’ ಮೊದಲು, ‘ಏನನ್ನು’ ಆಮೇಲೆ. ‘ಅವನಿಗೆ ಅದನ್ನು ಕೊಡು’ ಎನ್ನುವ ನಮಗೆ ಈ ಕ್ರಮ ಹೊಸದೇನಲ್ಲ.

ಈಗ ಜಾಗದ ವಿಷಯ. ‘ಲ್ಯೆಲೊ ಪೋರ್ತೊ’ದಲ್ಲಿ ‘ಪೋರ್ತೊ’ ಎಂಬುದರ ಕೊನೆಯ ‘ಒ’ ‘ನಾನು’ ಎಂದು ಹೇಳುತ್ತಿದೆ, ನಮ್ಮ ‘ತಲುಪಿಸುತ್ತೇನೆ’ಯ ‘ಏನೆ’ ಇದ್ದಂತೆ. ಆದ್ದರಿಂದ ಲ್ಯೆಲೊ ಮೊದಲು. ‘ತಲುಪಿಸಲು’, ‘ತಲುಪಿಸುತ್ತಾ’ ಎಂಬಲ್ಲಿ ಯಾರು ಎಂಬುದು ಕಾಣುವುದಿಲ್ಲ. ಇಟಾಲಿಯನ್ನಿನಲ್ಲೂ ಇಂಥ ರೂಪಗಳಿಗೆ ಜೋಡಿ ಹಿಂದಿನಿಂದ ಅಂಟುತ್ತದೆ. ‘ಪೋರ್ತಾರೆ’ಯ ಕೊನೆಯ ‘ಎ’ ಬಿದ್ದುಹೋಗಿ ‘ಪೋರ್ತಾರ್‌ಲ್ಯೆಲೊ’, ‘ಪೋರ್ತಾಂದೊ’ ಇದ್ದದ್ದು ‘ಪೋರ್ತಾಂದೊಲ್ಯೆಲೊ’. ನಡುವೆ ಜಾಗ ಬಿಡುವುದಿಲ್ಲ. ಆದರೆ ಕನ್ನಡ ವಾಕ್ಯ ನೋಡಿ ತೀರ್ಮಾನಿಸಬೇಡಿ: ನಮ್ಮ ‘ತಲುಪಿಸಬೇಕು’ ಎಲ್ಲರಿಗೂ ಒಂದೇ, ಅವರ ‘ದೇವೊ’ (ನಾನು ಮಾಡಬೇಕು) ಮಾತ್ರ ‘ನಾನು’ ಎಂದು ತೋರಿಸುತ್ತದೆ. ನೋಡಬೇಕಾದದ್ದು ಇಟಾಲಿಯನ್ ಕ್ರಿಯಾಪದವನ್ನೇ.

‘ದೇವೊ’ ಬಂದಾಗ ವಾಕ್ಯದಲ್ಲಿ ಎರಡು ಕ್ರಿಯಾಪದ ಆಯಿತು, ಅಲ್ಲೇ ಹೆಚ್ಚಿನವರು ಎಡವುವುದು. ‘ಅದನ್ನು ಅವರಿಗೆ ತಲುಪಿಸಬೇಕು’ ಎನ್ನಲು ‘ಲ್ಯೆಲೊ ದೇವೊ ಪೋರ್ತಾರೆ’ ಎನ್ನಬಹುದು, ‘ದೇವೊ ಪೋರ್ತಾರ್‌ಲ್ಯೆಲೊ’ ಎಂದೂ ಎನ್ನಬಹುದು. ಎರಡೂ ಸರಿ, ಅರ್ಥವೂ ಒಂದೇ. ತಪ್ಪಾಗುವುದು ಎರಡು ರೀತಿಯಲ್ಲಿ. ‘ದೇವೊ ಲ್ಯೆಲೊ ಪೋರ್ತಾರೆ’ ಎಂದು ನಡುವೆ ಕೂರಿಸುವುದು ಒಂದು. ಫ್ರೆಂಚ್ ಕಲಿತು ಬಂದವರಿಗೆ ಇದು ಅಭ್ಯಾಸ, ಅಲ್ಲಿ ಸರ್ವನಾಮ ಆ ಜಾಗದಲ್ಲೇ ಬರುತ್ತದೆ. ಇನ್ನೊಂದು, ಜೋಡಿಯನ್ನು ಒಡೆದು ‘ಲ್ಯಿ ದೇವೊ ಪೋರ್ತಾರ್‌ಲೊ’ ಎನ್ನುವುದು. ಜೋಡಿ ಎಲ್ಲಿ ಹೋದರೂ ಇಡಿಯಾಗಿಯೇ ಹೋಗಬೇಕು.

ಹೀಗೆ ಮುಂದಕ್ಕೆ ಹತ್ತಿಸುವ ಸ್ವಾತಂತ್ರ್ಯ ಎಲ್ಲ ಕ್ರಿಯಾಪದಗಳ ಜೊತೆ ಸಿಗುವುದಿಲ್ಲ. ಬೇಕು, ಆಗುತ್ತದೆ, ಇಷ್ಟ ಎಂಬರ್ಥದ ದೊವೇರೆ, ಪೊತೇರೆ, ವೊಲೇರೆಗಳ ಜೊತೆ ಸಿಗುತ್ತದೆ. ಮಾಡುತ್ತಾ ಇದ್ದೇನೆ ಎನ್ನುವ ‘ಸ್ತೊ ಪೋರ್ತಾಂದೊ’ದ ಜೊತೆಗೂ ಸಿಗುತ್ತದೆ: ‘ಲ್ಯೆಲೊ ಸ್ತೊ ಪೋರ್ತಾಂದೊ’. ಆದರೆ ‘ತಲುಪಿಸೋಣ ಅಂದುಕೊಂಡಿದ್ದೇನೆ’ ಎನ್ನಲು ‘ಪೇನ್ಸೊ ದಿ ಪೋರ್ತಾರ್‌ಲ್ಯೆಲೊ’ ಎಂದೇ ಹೇಳಬೇಕು, ‘ಲ್ಯೆಲೊ ಪೇನ್ಸೊ ದಿ ಪೋರ್ತಾರೆ’ ಅಂದರೆ ಕಿವಿಗೆ ಕಟುವಾಗುತ್ತದೆ. ಹತ್ತಿಸಬಹುದೋ ಇಲ್ಲವೋ ಎಂದು ಅನುಮಾನ ಬಂದಾಗ ಪೋರ್ತಾರೆಯಂಥ ರೂಪಕ್ಕೇ ಅಂಟಿಸಿ.

ಇದಕ್ಕೆ ಒಂದು ಅಪವಾದವಿದೆ: ‘ಫಾರೆ’. ನಮ್ಮ ‘ಇಸು’ ಪ್ರತ್ಯಯದ ಕೆಲಸ ಮಾಡುವ ಕ್ರಿಯಾಪದ ಅದು. ಸಿನ್ಯೋರಾ ಕೈಯಲ್ಲಿ ಒಪ್ಪಂದಕ್ಕೆ ಸಹಿ ಹಾಕಿಸಬೇಕು ಅಂದರೆ ‘ದೇವೊ ಫಾರ್‌ಲ್ಯೆಲೊ ಫಿರ್ಮಾರೆ’ ಅಥವಾ ‘ಲ್ಯೆಲೊ ದೇವೊ ಫಾರೆ ಫಿರ್ಮಾರೆ’. ಸಹಿ ಹಾಕು ಎಂಬ ‘ಫಿರ್ಮಾರೆ’ ಕೊನೆಯಲ್ಲಿದ್ದರೂ ಜೋಡಿ ಅದಕ್ಕೆ ಅಂಟುವುದಿಲ್ಲ, ‘ಫಾರೆ’ಗೇ ಅಂಟಬೇಕು. ನಾವು ‘ಅವರ ಕೈಯಲ್ಲಿ’ ಎನ್ನುವ ಕಡೆ ಅವರು ‘ಅವರಿಗೆ’ ಎಂಬ ವಿಭಕ್ತಿ ಬಳಸುತ್ತಾರೆ, ಅದಕ್ಕೇ ಇಲ್ಲೂ ಲ್ಯೆಲೊ.

ಭೂತಕಾಲದಲ್ಲಿ ಇನ್ನೊಂದು ತೊಡಕು. ‘ತಲುಪಿಸಿದೆ’ ಎಂಬುದು ‘ಓ ಪೋರ್ತಾತೊ’, ಎರಡು ಪದ. ಜೋಡಿ ‘ಓ’ಗಿಂತ ಮೊದಲು ಬರುತ್ತದೆ, ಲೊ ಮತ್ತು ಲಾ ಎರಡರ ಸ್ವರವೂ ಬಿದ್ದು ಅಪಾಸ್ಟ್ರಫಿ ಹಾಕುತ್ತಾರೆ: ‘ಲ್ಯೆಲ್ ಓ ಪೋರ್ತಾತೊ’. ಕಿವಿಗೆ ಇದು ಬರೀ ‘ಲ್ಯೆಲೊ’ ಎಂದೇ ಕೇಳಿಸುವಷ್ಟು ಹತ್ತಿರ, ಬರವಣಿಗೆಯಲ್ಲಿ ‘ಓ’ಗೆ ಮೊದಲು ಬರುವ, ಉಚ್ಚರಿಸದ ಎಚ್ ಅಕ್ಷರ ಮರೆತುಹೋಗುವುದು ಹೀಗೆ. ಹಿಂದೆಯೇ ಪೋರ್ತಾತೊದಂಥ ರೂಪ ಬಂದಿದೆಯೇ ನೋಡಿ. ಬಂದಿದ್ದರೆ ಅಪಾಸ್ಟ್ರಫಿ, ಎಚ್ ಎರಡೂ ಬೇಕು. ಲೊ, ಲಾ ಎರಡೂ ಒಂದೇ ಥರ ಆದಮೇಲೆ ಲಿಂಗವನ್ನು ಆ ಕೊನೆಯ ರೂಪ ಹೊರುತ್ತದೆ. ಬೀಗದ ಕೈ, ‘ಕಿಯಾವೆ’, ಸ್ತ್ರೀಲಿಂಗ. ಅದನ್ನು ತಲುಪಿಸಿದ್ದರೆ ‘ಲ್ಯೆಲ್ ಓ ಪೋರ್ತಾತಾ’. ಬೀಗದ ಕೈಗಳಾದರೆ ‘ಲ್ಯೆಲೆ ಓ ಪೋರ್ತಾತೆ’. ಬಹುವಚನದ ಲಿ, ಲೆಗಳ ಸ್ವರ ಬೀಳುವುದಿಲ್ಲ.

ಇನ್ನು ಆಜ್ಞಾರ್ಥ. ಸ್ನೇಹಿತನಿಗೆ ‘ಅವರಿಗೆ ಅದನ್ನು ತಲುಪಿಸು’ ಅಂದರೆ ‘ಪೋರ್ತಲ್ಯೆಲೊ’, ಅಂಟುತ್ತದೆ. ‘ತಲುಪಿಸೋಣ’, ಸಲುಗೆಯ ಬಹುವಚನದ ‘ತಲುಪಿಸಿ’, ಇವಕ್ಕೂ ಅಂಟುತ್ತದೆ. ಅಪರಿಚಿತರಿಗೆ ಗೌರವದಿಂದ ಹೇಳುವಾಗ ಮಾತ್ರ ‘ಲ್ಯೆಲೊ ಪೋರ್ತಿ’, ಮೊದಲು ಬರುತ್ತದೆ. ಕಾರಣ ಇದೆ. ಗೌರವದ ಆಜ್ಞೆಗೆ ಇಟಾಲಿಯನ್ನಿನಲ್ಲಿ ಸ್ವಂತ ರೂಪವಿಲ್ಲ. ‘ಅವರು ತಲುಪಿಸಲಿ’ ಎನ್ನುವ ಪ್ರಥಮ ಪುರುಷದ ರೂಪವನ್ನೇ ಎರವಲು ತಂದಿದ್ದಾರೆ. ಅದು ಮಾಮೂಲಿ ಪೂರ್ಣ ಕ್ರಿಯಾಪದ, ಆದ್ದರಿಂದ ಜೋಡಿ ಮೊದಲು. ಸಿನ್ಯೋರಾ ಫೋನ್ ಮಾಡಿ ‘ಮೆ ಲೊ ಪೋರ್ತಿ’ ಅಂದರೆ ನಿಮ್ಮನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದಾರೆ, ‘ಪೋರ್ತಮೆಲೊ’ ಅಂದರೆ ಏಕವಚನಕ್ಕೆ ಇಳಿದಿದ್ದಾರೆ. ಸ್ನೇಹಿತನಿಗೆ ‘ಬೇಡ, ತಲುಪಿಸಬೇಡ’ ಎನ್ನಲು ‘ನೊನ್ ಪೋರ್ತಾರ್‌ಲ್ಯೆಲೊ’, ‘ನೊನ್ ಲ್ಯೆಲೊ ಪೋರ್ತಾರೆ’ ಎರಡೂ ನಡೆಯುತ್ತವೆ.

ಅಂಟಿದ ಮೇಲೆ ಉಚ್ಚಾರದಲ್ಲಿ ಒತ್ತು ಜಾಗ ಬಿಟ್ಟು ಕದಲುವುದಿಲ್ಲ. ‘ಪೋರ್ತಾ’ದ ಒತ್ತು ‘ಪೋರ್’ ಮೇಲಿತ್ತು, ‘ಪೋರ್ತಲ್ಯೆಲೊ’ದಲ್ಲೂ ಅಲ್ಲೇ, ಅದರ ಹಿಂದೆ ಮೂರು ಅಕ್ಷರ ಹಗುರಾಗಿ ಓಡಬೇಕು. ‘ಲ್ಯೆ’ ಮೇಲೆ ಭಾರ ಹಾಕಿದರೆ ಇಟಲಿಯವರಿಗೆ ಪದವೇ ಸಿಗುವುದಿಲ್ಲ. ‘ದಾ’ (ಕೊಡು), ‘ದಿ’ (ಹೇಳು) ಎಂಬ ಒಂದಕ್ಷರದ ಆಜ್ಞೆಗಳಿಗೆ ‘ಮೆ ಲೊ’ ಅಂಟಿದರೆ ‘ಮ’ ಇಮ್ಮಡಿಸುತ್ತದೆ: ದಮ್ಮೆಲೊ, ದಿಮ್ಮೆಲೊ. ಲ್ಯೆಲೊ ಅಂಟಿದರೆ ಬರವಣಿಗೆಯಲ್ಲಿ ಏನೂ ಇಮ್ಮಡಿಸುವುದಿಲ್ಲ: ದಾಲ್ಯೆಲೊ, ದಿಲ್ಯೆಲೊ.

ಇಷ್ಟೆಲ್ಲ ಸರಿಯಾಗಿ ಕಲಿತ ಕನ್ನಡದವರಲ್ಲೂ ನಾನು ಕಾಣುವ ಒಂದು ಸಂಗತಿ ಇದೆ: ಜೋಡಿಯನ್ನು ಎಲ್ಲಿ ಹಾಕಬೇಕೆಂದು ಗೊತ್ತಿರುತ್ತದೆ, ಹಾಕುವುದೇ ಇಲ್ಲ. ‘ಒಪ್ಪಂದ ಅವರಿಗೆ ತಲುಪಿಸಿದೆಯಾ?’ ಎಂದರೆ ನಾವು ‘ಹೂಂ, ತಲುಪಿಸಿದೆ’ ಎನ್ನುತ್ತೇವೆ. ಯಾರಿಗೆ, ಏನನ್ನು ಎಂದು ಮತ್ತೆ ಹೇಳುವುದಿಲ್ಲ. ಅದೇ ಜಾಡಿನಲ್ಲಿ ‘ಸಿ, ಓ ಪೋರ್ತಾತೊ’ ಎಂದರೆ ಇಟಾಲಿಯನ್ ಕಿವಿಗೆ ವಾಕ್ಯ ಅರ್ಧಕ್ಕೆ ನಿಂತಂತೆ, ಏನನ್ನೋ ಹೇಳಲು ಹೊರಟು ಮರೆತಂತೆ ಕೇಳಿಸುತ್ತದೆ. ‘ಸಿ, ಲ್ಯೆಲ್ ಓ ಪೋರ್ತಾತೊ’ ಎನ್ನಲೇಬೇಕು. ಹೇಳಿದ್ದೀಯಾ ಎಂದು ಕೇಳಿದಾಗಲೂ ಹಾಗೇ: ನಾವು ಬರೀ ‘ಹೇಳಿದೆ’ ಎನ್ನುವ ಕಡೆ ಅವರದು ‘ಲ್ಯೆಲ್ ಓ ದೇತ್ತೊ’, ಹೇಳಿದ ವಿಷಯವೇ ಅಲ್ಲಿ ‘ಲೊ’. ಆದ್ದರಿಂದ ಅಭ್ಯಾಸ ಮಾಡುವಾಗ ಪಟ್ಟಿ ಬಾಯಿಪಾಠ ಮಾಡುವ ಬದಲು ಯಾರಾದರೂ ಪ್ರಶ್ನೆ ಕೇಳಲಿ, ನೀವು ಉತ್ತರ ಕೊಡಿ. ಕೊಟ್ಟೆಯಾ, ಹೇಳಿದೆಯಾ, ತೋರಿಸಿದೆಯಾ, ಕಳಿಸುತ್ತೀಯಾ, ಇಷ್ಟು ಪ್ರಶ್ನೆ ಸಾಕು. ಪ್ರತಿ ಉತ್ತರದಲ್ಲೂ ಮೊದಲು ಜೋಡಿ ಬಾಯಿಗೆ ಬರಲಿ, ಕ್ರಿಯಾಪದ ಆಮೇಲೆ.