ರಿಪೋರ್ಟ್ ನಾರ್ಮಲ್, ಆದರೂ ಉರಿ ಹೋಗುತ್ತಿಲ್ಲ: ಒಂದು ಆಪ್ತಸಲಹೆ ಪ್ರಕರಣ

ಪ್ರಶಾಂತ್ ಅಂತ ಕರೆಯೋಣ. ಹೆಸರು, ಕೆಲಸ, ಊರು ಎಲ್ಲ ಬದಲಿಸಿದ್ದೇನೆ. ವಯಸ್ಸು 29, ಕಾಪು ಕಡೆಯವರು, ಮಂಗಳೂರಿನಲ್ಲಿ ಅಕೌಂಟ್ಸ್ ಕೆಲಸ. ಎಂಟು ತಿಂಗಳ ಹಿಂದೆ ಟ್ರೈನಿಂಗ್‌ಗೆಂದು ಬೇರೆ ಊರಿಗೆ ಹೋಗಿದ್ದಾಗ ಲಾಡ್ಜ್‌ನಲ್ಲಿ ಹಣ ಕೊಟ್ಟು ಒಬ್ಬ ಮಹಿಳೆಯ ಜೊತೆ ಸೇರಿದ್ದರು. ಸಂಭೋಗಕ್ಕೆ ಕಾಂಡೋಮ್ ಇತ್ತು, ಮುಖಮೈಥುನಕ್ಕೆ ಇರಲಿಲ್ಲ. ಮೂರನೇ ದಿನಕ್ಕೆ ಶಿಶ್ನದ ತುದಿಯಲ್ಲಿ ಉರಿ ಶುರುವಾಯಿತು.

ಪರೀಕ್ಷೆಗಳನ್ನು ಸರಿಯಾಗಿಯೇ ಮಾಡಿಸಿದ್ದರು. ಗೊನೋರಿಯಾ ಮತ್ತು ಕ್ಲಮೈಡಿಯಾಗೆ ಮೂತ್ರದ ಪಿಸಿಆರ್ ನೆಗೆಟಿವ್. ಎಚ್‌ಐವಿಗೆ ನಾಲ್ಕನೇ ತಲೆಮಾರಿನ ರಕ್ತಪರೀಕ್ಷೆ 50ನೇ ದಿನ ನೆಗೆಟಿವ್, ಮೂರು ತಿಂಗಳು ಕಳೆದ ಮೇಲೆ ಮತ್ತೆ ನೆಗೆಟಿವ್. ಸಿಫಿಲಿಸ್, ಹೆಪಟೈಟಿಸ್ ಬಿ ಕೂಡ ನೆಗೆಟಿವ್. ಲ್ಯಾಬಿನಲ್ಲಿ ಮಾಡುವ ಈ ನಾಲ್ಕನೇ ತಲೆಮಾರಿನ ಪರೀಕ್ಷೆ 45 ದಿನ ಕಳೆದ ಮೇಲೆ ನೆಗೆಟಿವ್ ಬಂದರೆ ಆ ಘಟನೆಯ ಮಟ್ಟಿಗೆ ಅಲ್ಲಿಗೆ ಮುಗಿಯಿತು. ಆದರೆ ಅವರಿಗೆ ಮುಗಿದಿರಲಿಲ್ಲ. ಕಂಕನಾಡಿಯ ಲ್ಯಾಬಿನಲ್ಲಿ ಪರಿಚಯದವರು ಸಿಕ್ಕಿಯಾರು ಅಂತ ಉಡುಪಿಗೆ ಹೋದರು, ಅಲ್ಲಿಯ ರಿಪೋರ್ಟ್ ಮೇಲೂ ಅನುಮಾನ ಬಂದು ಕುಂದಾಪುರಕ್ಕೆ ಬಸ್ ಹತ್ತಿದರು. ಆ ಹೊತ್ತಿಗೆ ಮನೆಯಲ್ಲಿ ಅಮ್ಮ ಜಾತಕ ತರಿಸತೊಡಗಿದ್ದರು.

ಕೊನೆಯ ಪೆಟ್ಟು ಕೊಟ್ಟಿದ್ದು ಒಂದು ದುಬಾರಿ 'ಫುಲ್ ಪ್ಯಾಕೇಜ್'. ಅದರಲ್ಲಿ ಹರ್ಪಿಸ್ ವೈರಸ್ಸಿನ ಒಂದನೇ ವಿಧಕ್ಕೆ ಐಜಿಜಿ, ಅಂದರೆ ಸೋಂಕು ತಗಲಿದ ಮೇಲೆ ರಕ್ತದಲ್ಲಿ ಉಳಿಯುವ ಪ್ರತಿಕಾಯ, ಪಾಸಿಟಿವ್ ಬಂತು. ಅವರು ಕೂತಲ್ಲೇ ಬೆವೆತು ಹೋದರಂತೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದೇ ಕಾಗದ ಹಿಡಿದುಕೊಂಡು ಬರುವವರು ಜಾಸ್ತಿ. ಈ ವೈರಸ್ ಬಹುಪಾಲು ಜನರಿಗೆ ತಗಲುವುದು ಚಿಕ್ಕಂದಿನಲ್ಲಿ, ಮನೆಯವರ ಮುತ್ತಿನಿಂದ, ಎಂಜಲಿನಿಂದ. ಜಗತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಇದು ಇದೆ. ಯಾವತ್ತು ಬಂತು, ಮೈಯ ಯಾವ ಭಾಗಕ್ಕೆ ಬಂತು ಅಂತ ಐಜಿಜಿ ಹೇಳುವುದಿಲ್ಲ. ಹುಣ್ಣು, ಗುಳ್ಳೆ ಏನೂ ಇಲ್ಲದವರಿಗೆ ಈ ಪರೀಕ್ಷೆ ಮಾಡಿಸಿ ಉಪಯೋಗವಿಲ್ಲ, ಹೆದರಿಕೆ ಮಾತ್ರ ಉಳಿಯುತ್ತದೆ.

ಮೊದಲು ನಾನು ಅವರನ್ನು ಚರ್ಮರೋಗ ವೈದ್ಯರ ಹತ್ತಿರ ಒಂದು ಸಲ ಕಳಿಸಿದೆ. ಉರಿ ಇದೆ ಅಂದವರಿಗೆ 'ಎಲ್ಲ ಮನಸ್ಸಿನದು' ಅಂದುಬಿಡುವುದು ನನಗೆ ಸರಿ ಕಾಣುವುದಿಲ್ಲ, ಉರಿ ಇರುವುದು ನಿಜ. ವೈದ್ಯರು ಕಂಡದ್ದು ಇಷ್ಟು. ಚರ್ಮ ಕೆಂಪಗಾಗಿ ಒಣಗಿದೆ. ಶಿಶ್ನದ ತಲೆಯ ಅಂಚಿನಲ್ಲಿ ಸಾಲಾಗಿ ಇರುವ ಸಣ್ಣ ಬಿಳಿ ಗುಳ್ಳೆಗಳು ಸಹಜ, ಎಷ್ಟೋ ಗಂಡಸರಿಗೆ ಇರುತ್ತವೆ, ರೋಗವಲ್ಲ. ತೊಡೆಸಂದಿಯಲ್ಲಿ ಸ್ವಲ್ಪ ಹುಳುಕಡ್ಡಿ. ನಮ್ಮ ಕರಾವಳಿಯ ಸೆಕೆ, ಬೆವರು, ಮಳೆಗಾಲದಲ್ಲಿ ಪೂರ್ತಿ ಒಣಗದ ಒಳಉಡುಪು ಇರುವಾಗ ಅದೇನು ದೊಡ್ಡ ವಿಷಯವಲ್ಲ.

ಕೆಂಪಾಗಿದ್ದು ಯಾಕೆ? ದಿನಕ್ಕೆ ಏನೇನು ಮಾಡುತ್ತೀರಿ ಅಂತ ಬರೆಸಿದೆ. ಸ್ನಾನದಲ್ಲಿ ಆಂಟಿಸೆಪ್ಟಿಕ್ ದ್ರಾವಣ ಹಾಕಿ ಎರಡು ಮೂರು ಸಲ ತೊಳೆಯುವುದು. ಮೆಡಿಕಲ್‌ನಿಂದ ತಾವೇ ತಂದ ಸ್ಟೀರಾಯ್ಡ್ ಬೆರೆತ ಕ್ರೀಮು ಹಚ್ಚುವುದು. ಅದು ಹುಳುಕಡ್ಡಿಯನ್ನು ಹರಡಿಸಿ ಚರ್ಮವನ್ನು ತೆಳ್ಳಗೆ ಮಾಡುತ್ತದೆ. ಆಮೇಲೆ ಆಫೀಸಿನ ಟಾಯ್ಲೆಟ್‌ನಲ್ಲಿ ಮೊಬೈಲ್ ಟಾರ್ಚ್ ಹಾಕಿ ನೋಡುವುದು, ಫೋಟೋ ತೆಗೆದು ನಿನ್ನೆಯದಕ್ಕೆ ಹೋಲಿಸುವುದು, ಕೀವು ಬರುತ್ತಾ ಅಂತ ಮೂತ್ರನಾಳವನ್ನು ಹಿಂಡುವುದು. ದಿನಕ್ಕೆ ಇಪ್ಪತ್ತು ಸಲಕ್ಕಿಂತ ಜಾಸ್ತಿ.

ಹಿಂಡಿದರೆ ಯಾರಿಗಾದರೂ ಒಂದು ತೊಟ್ಟು ನೀರಿನಂಥ ದ್ರವ ಬರಬಹುದು. ಮತ್ತೆ ಮತ್ತೆ ಹಿಂಡಿದರೆ ಒಳಪದರ ಕೆರಳಿ ಉರಿಯುತ್ತದೆ. ಆ ಉರಿಯನ್ನೇ ಅವರು ರೋಗದ ಸಾಕ್ಷಿ ಅಂತ ಹಿಡಿದುಕೊಳ್ಳುತ್ತಿದ್ದರು. ಜೊತೆಗೆ, ಭಯದಲ್ಲಿ ನಾವು ಹೊಟ್ಟೆಯ ಕೆಳಗಿನ ಸ್ನಾಯುಗಳನ್ನು ಗೊತ್ತಿಲ್ಲದೇ ಬಿಗಿ ಹಿಡಿಯುತ್ತೇವೆ. ಅದರಿಂದಲೂ ಪದೇ ಪದೇ ಮೂತ್ರ ಬಂದ ಹಾಗಾಗುವುದು, ತುದಿಯಲ್ಲಿ ಚುರುಚುರು ಅನ್ನುವುದು ಇರುತ್ತದೆ.

"ಆದ್ರೆ ಮೇಡಂ, ನಾನು ಸುಮ್ನೆ ಕೂತಾಗಲೂ ಅಲ್ಲೇ ಏನೋ ಆಗ್ತದೆ" ಅಂದರು. ಹಾಗಾದರೆ ಎರಡು ನಿಮಿಷ ಎಡಗೈ ಹೆಬ್ಬೆರಳಿನ ತುದಿಯನ್ನೇ ಗಮನಿಸಿ ಅಂದೆ, ಕಣ್ಣು ಮುಚ್ಚಿ, ಬೇರೇನೂ ಬೇಡ. ಮಿಡಿಯುತ್ತದೆ, ಬೆಚ್ಚಗಾಗುತ್ತದೆ, ಸಣ್ಣಗೆ ಜುಮ್ಮೆನ್ನುತ್ತದೆ ಅಂದರು. ಹೆಬ್ಬೆರಳಿಗೆ ರೋಗ ಬಂದಿಲ್ಲ ಅಲ್ವಾ? ಗಮನ ಎಲ್ಲಿ ನಿಲ್ಲುತ್ತದೋ ಅಲ್ಲಿಯ ಸಣ್ಣ ಸದ್ದೂ ದೊಡ್ಡದಾಗಿ ಕೇಳುತ್ತದೆ. ಪ್ರಶಾಂತ್ ತುಂಬಾ ಹೊತ್ತು ಮಾತಾಡಲಿಲ್ಲ.

ಆಮೇಲೆ ಹೇಳಿದ್ದು ಬೇರೆ ಮಾತು. "ತಪ್ಪು ಮಾಡಿದ್ದೇನೆ ಮೇಡಂ, ಏನೂ ಆಗದೆ ಹೋಗುವುದು ಹೇಗೆ? ಮನೆ ದೈವಕ್ಕೂ ಹರಕೆ ಹೇಳಿಕೊಂಡಿದ್ದೇನೆ." ರಿಪೋರ್ಟ್ ಯಾಕೆ ಒಳಗೆ ಇಳಿಯುತ್ತಿರಲಿಲ್ಲ ಅಂತ ನನಗೆ ಆಗ ಅರ್ಥವಾಯಿತು. ಅವರು ಕಾಯುತ್ತಿದ್ದದ್ದು ಶಿಕ್ಷೆಗೆ. ಪಶ್ಚಾತ್ತಾಪ ಇರಲಿ, ಅದು ನಿಮ್ಮದು, ಅದರ ಬಗ್ಗೆ ಬೇಕಾದಷ್ಟು ಮಾತಾಡೋಣ ಅಂದೆ. ಆದರೆ ವೈರಸ್ಸಿಗೆ ಪಾಪಪುಣ್ಯ ಗೊತ್ತಿಲ್ಲ, ಅದು ಹರಡುವ ದಾರಿ ಬೇರೆ. ಈ ಎರಡನ್ನು ಬೇರೆ ಬೇರೆ ಮಾಡುವುದಕ್ಕೇ ಕೆಲವು ಭೇಟಿ ಬೇಕಾಯಿತು.

ನಾನು ಕೊಟ್ಟ ಸಲಹೆ ಹೀಗಿತ್ತು. ದ್ರಾವಣ, ಕ್ರೀಮು ಬಂದ್, ಬರೀ ನೀರು, ಹುಳುಕಡ್ಡಿಗೆ ವೈದ್ಯರು ಬರೆದ ಔಷಧಿ ಮಾತ್ರ. ಫೋಟೋ ಎಲ್ಲ ಡಿಲೀಟ್. ಹಿಂಡುವುದು ಪೂರ್ತಿ ನಿಲ್ಲಬೇಕು. ನೋಡುವುದು ಸ್ನಾನದ ಹೊತ್ತಿಗೆ ಒಂದೇ ಸಲ, ಟಾರ್ಚ್ ಇಲ್ಲದೆ. ನಡುವೆ ನೋಡಬೇಕು ಅನ್ನಿಸಿದರೆ 15 ನಿಮಿಷ ಮುಂದೂಡುವುದು, ಆ ಹೊತ್ತಿನಲ್ಲಿ ಹೊಟ್ಟೆಯಿಂದ ನಿಧಾನ ಉಸಿರಾಡಿ ಕೆಳಗಿನ ಬಿಗಿತ ಬಿಡುವುದು. ಆತಂಕ ಏರುತ್ತದೆ, ನೋಡದೇ ಇದ್ದರೂ ಇಳಿಯುತ್ತದೆ, ಅದನ್ನು ಅವರೇ ಕಂಡುಕೊಳ್ಳಬೇಕಿತ್ತು.

ಎಲ್ಲಕ್ಕಿಂತ ಕಷ್ಟವಾದದ್ದು ಸಮಾಧಾನ ಕೇಳುವುದನ್ನು ಬಿಡುವುದು. ಒಬ್ಬ ಗೆಳೆಯನಿಗೆ ಮಾತ್ರ ವಿಷಯ ಗೊತ್ತಿತ್ತು, ಅವನಿಗೆ ರಾತ್ರಿ ಹನ್ನೆರಡಕ್ಕೂ ಮೆಸೇಜ್, 'ಏನೂ ಆಗಲ್ಲ ಅಲ್ವಾ ಮಾರಾಯ?' ಅಂತ. ಕಜ್ಜಿ ತುರಿಸಿದ ಹಾಗೆ ಇದು, ತುರಿಸುವಾಗ ಹಿತ, ಆಮೇಲೆ ಎರಡರಷ್ಟು. ಹಾಗಾಗಿ ಪ್ರಶಾಂತ್ ಒಪ್ಪಿಗೆಯಿಂದಲೇ ಗೆಳೆಯನನ್ನು ಕರೆಸಿ, 'ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಬೇರೆ ಮಾತಾಡೋಣ' ಅಂತ ಹೇಳಲು ಕೇಳಿಕೊಂಡೆ. ಹೊಸ ಪರೀಕ್ಷೆಯೂ ಇಲ್ಲ, ನೆಟ್‌ನಲ್ಲಿ ಹುಡುಕುವುದೂ ಇಲ್ಲ.

ಮೊದಲ ವಾರ ಆತಂಕ ಜಾಸ್ತಿಯಾಯಿತು. ಹೀಗಾಗುತ್ತದೆ ಅಂತ ಮೊದಲೇ ಹೇಳಿದ್ದೆ, ಇಲ್ಲದಿದ್ದರೆ ಬಿಟ್ಟುಬಿಡುತ್ತಿದ್ದರು. ಮೂರನೇ ವಾರಕ್ಕೆ ಉರಿ ಬಹಳ ಕಡಿಮೆ. ನಡುವೆ ಹುಡುಗಿ ನೋಡಲು ಹೋಗುವ ದಿನ ಹತ್ತಿರ ಬಂದಾಗ ಮತ್ತೆ ಟಾರ್ಚ್ ಹಿಡಿದರು, ಮತ್ತೆ ಬಿಟ್ಟರು. ಇಷ್ಟಕ್ಕೂ ಕಡಿಮೆಯಾಗದಿದ್ದರೆ, ನಿದ್ದೆ, ಕೆಲಸ ಕೆಟ್ಟಿದ್ದರೆ ಮನೋವೈದ್ಯರು ಕೊಡುವ, ಆತಂಕ ಇಳಿಸುವ ಎಸ್‌ಎಸ್‌ಆರ್‌ಐ ಮಾತ್ರೆ ಕೆಲಸಕ್ಕೆ ಬರುತ್ತದೆ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಕರೆ ಮಾಡಬಹುದು.

ಹಾಗಂತ ಎಲ್ಲ ಉರಿಯನ್ನೂ ಆತಂಕ ಅಂತ ತಳ್ಳಬೇಡಿ. ಒಳಉಡುಪಿಗೆ ತಾನಾಗಿ ಅಂಟುವ ಕೀವು, ಹುಣ್ಣು, ನೀರುಗುಳ್ಳೆ, ವೃಷಣದ ಊತ, ಇಲ್ಲವೇ ಹೊಸದಾಗಿ ಅಸುರಕ್ಷಿತ ಸಂಪರ್ಕ ಇದ್ದರೆ ವೈದ್ಯರಿಗೆ ತೋರಿಸಲೇಬೇಕು. ಎಚ್‌ಐವಿಯ ಅಪಾಯವಿರುವ ಸಂಪರ್ಕವಾದರೆ 72 ಗಂಟೆಯೊಳಗೆ ಹೋಗಿ, ಆ ಹೊತ್ತಿನಲ್ಲಿ ಶುರು ಮಾಡುವ ತಡೆ ಔಷಧಿ ಇದೆ. ಸರಕಾರಿ ಆಸ್ಪತ್ರೆಯ ಐಸಿಟಿಸಿ ಎಂಬ ಆಪ್ತಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ವಿಷಯವನ್ನು ಗುಟ್ಟಾಗಿ ಇಡಬೇಕೆಂದು 2017ರ ಕಾನೂನೇ ಹೇಳುತ್ತದೆ.

ಮದುವೆಗೆ ಮುಂಚೆ ಇನ್ನೊಂದು ಸಲ ಟೆಸ್ಟ್ ಮಾಡಿಸಲೇ ಅಂತ ಪ್ರಶಾಂತ್ ಕೇಳಿದರು. ಹುಡುಗಿ ಮತ್ತು ನೀವು ಇಬ್ಬರೂ ಮಾತಾಡಿಕೊಂಡು ಒಟ್ಟಿಗೆ ಮಾಡಿಸುವುದಾದರೆ ಆಗಬಹುದು, ರಾತ್ರಿ ನಿದ್ದೆ ಬರಲಿ ಅಂತ ಒಬ್ಬರೇ ಹೋಗುವುದಾದರೆ ಬೇಡ ಅಂದೆ.