ಗುಂಡಗಿಲ್ಲ ಎಂದು ಅಂಕ ಕಳೆಯುವ ಮೊದಲು

*ಮುಲುಂಡ್‌ನ ನಮ್ಮ ಭಾನುವಾರದ ಕನ್ನಡ ತರಗತಿಗೆ ಬರುವ ಎರಡನೇ ಕ್ಲಾಸಿನ ಮಕ್ಕಳು ಶಾಲೆಯಲ್ಲಿ ಮರಾಠಿ, ಹಿಂದಿ ಬರೆಯುವವರು. ಇವರ ಕನ್ನಡ ಕೈಬರಹಕ್ಕೆ ಅಂಕ ಕೊಡುವುದು ಹೇಗೆ? ಒಬ್ಬ ಹುಡುಗನ ಪುಟ ಕಳಿಸಿದ್ದೇನೆ. ಹತ್ತಕ್ಕೆ ನಾಲ್ಕು ಕೊಟ್ಟೆ, ಅವನ ತಾಯಿಗೆ ಬೇಜಾರಾಯಿತು.*
– ಓದುಗರು, ಮುಲುಂಡ್

ನಾಲ್ಕು ಅಂಕ ನೋಡಿ ಆ ತಾಯಿ ಮನೆಯಲ್ಲಿ ಏನನ್ನು ತಿದ್ದಿಸಬೇಕು? ಗೊತ್ತಾಗುವುದಿಲ್ಲ ಅಲ್ವಾ! ಅಕ್ಷರದ ಆಕಾರ, ನಡುವಿನ ಜಾಗ, ಗೆರೆಯ ಮೇಲೆ ಕೂರುವುದು, ಓದಲು ಬರುವುದು – ಈ ನಾಲ್ಕಕ್ಕೂ ಬೇರೆ ಬೇರೆ ಅಂಕ ಹಾಕಿ. ಸರಿಯಿದ್ದರೆ 2, ಅಲ್ಲಲ್ಲಿ ತಪ್ಪಿದ್ದರೆ 1, ಜಾಸ್ತಿ ಕಡೆ ತಪ್ಪಿದ್ದರೆ 0. ಕೂಡಿಸಲು ಹೋಗಬೇಡಿ. ಉಕ್ತಲೇಖನವೂ ಬೇಡ, ನೋಡಿ ಬರೆಸಿ. ಇಲ್ಲದಿದ್ದರೆ ಕಾಗುಣಿತದ ತಪ್ಪು ಕೈಬರಹದ ಲೆಕ್ಕಕ್ಕೆ ಸೇರಿಬಿಡುತ್ತದೆ.

ಹುಡುಗ ಬರೆದದ್ದು 'ಅಮ್ಮ ಅಕ್ಕನಿಗೆ ಹಣ್ಣು ಕೊಟ್ಟಳು' ಎಂಬ ಸಾಲು. ಮೊದಲು ಓದಲು ಬರುತ್ತದೆಯೇ ನೋಡೋಣ. ನೀವು ಓದಬೇಡಿ, ನಿಮಗೆ ಸಾಲು ಗೊತ್ತು. ನಮ್ಮ ಕಚೇರಿಯಲ್ಲಿ ಗೊತ್ತಿಲ್ಲದವರ ಕೈಗೆ ಕೊಟ್ಟೆವು. ಎರಡನೇ ಪದದಲ್ಲಿ 'ಅಕಕ...' ಎಂದು ತಡವರಿಸಿದರು, ಉಳಿದದ್ದನ್ನು ಓದಿದರು. ಇದಕ್ಕೆ 1.

ತಡವರಿಸಿದ್ದು ಯಾಕೆ? ಪುಟದ ಮೇಲೆ ಅಡ್ಡಲಾಗಿ ಸ್ಕೇಲ್ ಇಟ್ಟು ನೋಡಿ. ಅಕ್ಷರಗಳ ತಲೆ ಒಂದೇ ಮಟ್ಟದಲ್ಲಿದೆ, ಬುಡ ಏರುಪೇರು. ದೇವನಾಗರಿಯಲ್ಲಿ ಅಕ್ಷರ ಮೇಲಿನ ಗೆರೆಯಿಂದ ಇಳಿಬೀಳುತ್ತದೆ. ಕನ್ನಡದಲ್ಲಿ ಅಕ್ಷರ ಕೆಳಗಿನ ಗೆರೆಯ ಮೇಲೆ ಕೂತು, ಒತ್ತು ಅದರ ಕೆಳಗೆ ಇಳಿಯಬೇಕು. ಇವನು ಕ ಒತ್ತನ್ನು ಪಕ್ಕದಲ್ಲೇ, ಅಷ್ಟೇ ದೊಡ್ಡದಾಗಿ ಬರೆದಿದ್ದಾನೆ. ಗೆರೆಯ ಮೇಲೆ ಕೂರುವುದಕ್ಕೆ 0.

ಜಾಗಕ್ಕೆ 1. ಪದಗಳ ನಡುವೆ ಒಂದು ಅಕ್ಷರದಷ್ಟು ಜಾಗ ಬಿಟ್ಟಿದ್ದಾನೆ, ಅದು ಸರಿ. ಆದರೆ 'ಕೊ' ಬರೆಯುವಾಗ ಬಲಗಡೆಯ ಕೊನೆ ದೂರ ಸರಿದಿದೆ.

ಆಕಾರಕ್ಕೆ ನಾನು 1 ಕೊಡುತ್ತೇನೆ. ಸುಳಿಗಳು ಚೆನ್ನಾಗಿಯೇ ಇವೆ. ಆದರೆ ಬಿಡಿಬಿಡಿಯಾಗಿ ಇರಬೇಕಾದ ತಲೆಕಟ್ಟುಗಳನ್ನು ಮರಾಠಿಯಂತೆ ಒಂದೇ ಉದ್ದ ಗೆರೆಯಾಗಿ ಎಳೆದಿದ್ದಾನೆ. ಅಕ್ಷರ ಗುಂಡಗಿದೆಯೋ ಉದ್ದಗಿದೆಯೋ ಎಂಬುದಕ್ಕೆ ಅಂಕ ಕಳೆಯಬೇಡಿ, ಅದು ಅವರವರ ಕೈ. ಕೈ ಎಲ್ಲಿಂದ ಶುರುವಾಗಿ ಯಾವ ಕಡೆ ತಿರುಗುತ್ತದೆ ಎಂಬುದು ಮಾತ್ರ ಪುಟ ನೋಡಿದರೆ ತಿಳಿಯುವುದಿಲ್ಲ. ಬರೆಯುವಾಗ ಪಕ್ಕದಲ್ಲಿ ಕೂತೇ ನೋಡಬೇಕು.

ತಾಯಿಗೆ ಒಂದೇ ಕೆಲಸ ಹೇಳಿ: ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಬರೆಸಲಿ. ಮುಂಬೈಯಲ್ಲಿ ಸಿಗುವ ಸಾಮಾನ್ಯ ಒಂಟಿ ಗೆರೆಯ ನೋಟ್‌ಬುಕ್ ಸಾಕು. ಸಾಲು ಒತ್ತೊತ್ತಾಗಿದ್ದರೆ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಮಗು ಹೆದರಿ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ತಲೆಕಟ್ಟಿನ ವಿಷಯ ಈಗ ಎತ್ತಬೇಡಿ. ಒಂದು ತಿಂಗಳ ನಂತರ ಇದೇ ಸಾಲನ್ನು ಮತ್ತೆ ಬರೆಸಿ, ಗೆರೆಯ ಅಂಕ ಮಾತ್ರ ಹೋಲಿಸಿ.