ಮಗಳ ಯುಗಾದಿ ಒಂದು ದಿನ ಮೊದಲೇ ಬಂತು, ಯಾಕೆ?

ಪತ್ರ: ನನ್ನ ಮಗಳು ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದಾಳೆ. 2025ರಲ್ಲಿ ನಾನು, ನಮ್ಮ ಯಜಮಾನರು ಬೆಂಗಳೂರಲ್ಲಿ ಮಾರ್ಚ್ 30ಕ್ಕೆ ಯುಗಾದಿ ಮಾಡಿದೆವು. ಅವಳು 29ಕ್ಕೇ ಮಾಡಿ ಮುಗಿಸಿದ್ದಳು. ನಮ್ಮ ಕ್ಯಾಲೆಂಡರಲ್ಲಿ ಅವತ್ತು ಅಮಾವಾಸ್ಯೆ! ಅಮಾವಾಸ್ಯೆ ದಿನ ಹಬ್ಬ ಮಾಡಿದ ಹಾಗಾಗಲಿಲ್ಲವೇ?

ಸಂಪಾದಕರ ಉತ್ತರ: ಇಲ್ಲಮ್ಮ, ಮಗಳು ಮಾಡಿದ್ದು ಸರಿಯಾಗಿಯೇ ಇದೆ. ನಿಮ್ಮದೂ ಸರಿ.

ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿದರೆ ಒಂದು ತಿಥಿ ಮುಗಿಯಿತು. ಆ ಗಳಿಗೆ ಇಡೀ ಭೂಮಿಗೆ ಒಂದೇ. ಆದರೆ ಸೂರ್ಯ ಹುಟ್ಟುವುದು ಊರೂರಿಗೆ ಬೇರೆ ಬೇರೆ ಹೊತ್ತಿಗೆ, ಅಲ್ವಾ? ಯುಗಾದಿಗೆ ನೋಡುವುದು ನಾವಿರುವ ಊರಿನ ಸೂರ್ಯೋದಯವನ್ನು. ಆಗ ಚೈತ್ರ ಶುದ್ಧ ಪಾಡ್ಯ ಇರಬೇಕು.

ಆ ವರ್ಷ ಅಮಾವಾಸ್ಯೆ ಮುಗಿದು ಪಾಡ್ಯ ಹಿಡಿದದ್ದು ನಮ್ಮ ಗಡಿಯಾರದಲ್ಲಿ ಮಾರ್ಚ್ 29ರ ಸಂಜೆ 4.27ಕ್ಕೆ. ಬಿಟ್ಟದ್ದು 30ರ ಮಧ್ಯಾಹ್ನ 12.49ಕ್ಕೆ. 29ರ ಬೆಳಿಗ್ಗೆ ನೀವು ಎದ್ದಾಗ ಇನ್ನೂ ಅಮಾವಾಸ್ಯೆ. ಹಾಗಾಗಿ ನಿಮಗೆ 30ಕ್ಕೆ ಹಬ್ಬ.

ಈಗ ಮಗಳ ಊರಿಗೆ ಬನ್ನಿ. ಅಲ್ಲಿನ ಗಡಿಯಾರ ಆಗ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ನಿಮ್ಮ ಸಂಜೆ 4.27 ಅವಳಿಗೆ 29ರ ಬೆಳಗಿನ ಜಾವ 3.57. ಸೂರ್ಯ ಹುಟ್ಟಿದ್ದು ಸುಮಾರು ಏಳಕ್ಕೆ. ಅವಳು ಎಣ್ಣೆ ಹಚ್ಚಿಕೊಳ್ಳುವ ಹೊತ್ತಿಗೆ ಅಮಾವಾಸ್ಯೆ ಹೋಗಿ ಮೂರು ಗಂಟೆ ಆಗಿತ್ತು! ನಿಮ್ಮ ಮಾತು ಕೇಳಿ 30ರವರೆಗೆ ಕಾದಿದ್ದರೆ ಪಾಡ್ಯ ಅವಳಿಗೆ ಸಿಗುತ್ತಲೇ ಇರಲಿಲ್ಲ. ಅದು ರಾತ್ರಿ 12.19ಕ್ಕೇ ಬಿಟ್ಟು ಬಿದಿಗೆ ಬಂದಿತ್ತು.

ನ್ಯೂಯಾರ್ಕಿನವರ ಪಾಡು ಇನ್ನೂ ಮಜಾ. 29ರಂದು ಅಲ್ಲಿ ಸೂರ್ಯ ಹುಟ್ಟಿದ್ದು ಸುಮಾರು 6.44ಕ್ಕೆ, ಪಾಡ್ಯ ಬಂದದ್ದು 6.57ಕ್ಕೆ. ಹತ್ತು ಹದಿಮೂರು ನಿಮಿಷದಲ್ಲಿ ತಪ್ಪಿತು. ಮಾರನೇ ದಿನ ನಸುಕಿನ 3.19ಕ್ಕೆ ಅದು ಹೊರಟೇಹೋಯಿತು. ಯಾವ ಸೂರ್ಯೋದಯಕ್ಕೂ ತಾಗದ ಇಂಥ ತಿಥಿಗೆ ಕ್ಷಯ ತಿಥಿ ಅನ್ನುತ್ತಾರೆ. ಆಗ ಚಂದ್ರ ಭೂಮಿಗೆ ತೀರಾ ಹತ್ತಿರವಿದ್ದ, ಓಟ ಜಾಸ್ತಿ. ಹಾಗಾಗಿ ಆ ಪಾಡ್ಯ ಬರೀ ಇಪ್ಪತ್ತು ಗಂಟೆ ಚಿಲ್ಲರೆ ಇತ್ತು. ಪಾಡ್ಯ ಎರಡೂ ಬೆಳಿಗ್ಗೆ ಸಿಗದಿದ್ದರೆ ಮೊದಲ ದಿನವೇ ಯುಗಾದಿ ಅನ್ನುವುದು ಶಾಸ್ತ್ರ. ಅಂದರೆ ಅವರಿಗೂ 29.

"ಅಮೆರಿಕ ಅಂದರೆ ಒಂದು ದಿನ ಮೊದಲು" ಅಂತ ಮಾತ್ರ ಸುಮ್ನೆ ಗಂಟು ಹಾಕಿಕೊಳ್ಳಬೇಡಿ. 2024ರಲ್ಲಿ ಬೆಂಗಳೂರು, ಸ್ಯಾನ್ ಫ್ರಾನ್ಸಿಸ್ಕೋ ಎರಡಕ್ಕೂ ಏಪ್ರಿಲ್ 9ರಂದೇ ಹಬ್ಬ. ಪ್ರತಿ ವರ್ಷ ಲೆಕ್ಕ ಹಾಕಲೇಬೇಕು. ಎಲ್ಲ ಹಬ್ಬಕ್ಕೂ ಸೂರ್ಯೋದಯವೇ ಅಳತೆಯೂ ಅಲ್ಲ. ಗಣೇಶನಿಗೆ ಮಧ್ಯಾಹ್ನ ಚೌತಿ ಇರಬೇಕು, ಶಿವರಾತ್ರಿಗೆ ನಡುರಾತ್ರಿ ಚತುರ್ದಶಿ.

ಮೇಲಿನ ವೇಳೆಗಳು ದೃಗ್ಗಣಿತದವು, ಅಂದರೆ ಆಕಾಶದಲ್ಲಿ ಸೂರ್ಯ ಚಂದ್ರರು ನಿಜಕ್ಕೂ ಇರುವ ಜಾಗಕ್ಕೆ ಹೊಂದಿಸಿದ ಲೆಕ್ಕದವು. ಸೂರ್ಯಸಿದ್ಧಾಂತ ಅನ್ನುವ ಹಳೆಯ ಗ್ರಂಥದ ಸೂತ್ರ ಹಿಡಿದು ಮಾಡಿದ ಪಂಚಾಂಗದಲ್ಲಿ ತಿಥಿ ಬಿಡುವ ಹೊತ್ತು ಬೇರೆ ಇರಬಹುದು, ಎರಡನ್ನೂ ಬೆರೆಸಬೇಡಿ. ಮಗಳ ಫೋನಿನ ಪಂಚಾಂಗದಲ್ಲಿ ಊರು ಇನ್ನೂ ಬೆಂಗಳೂರು ಅಂತಲೇ ಇದೆಯಾ, ಅದನ್ನೂ ಒಮ್ಮೆ ಕೇಳಿ. ನೀವೇ ಕೂತು ಲೆಕ್ಕ ಹಾಕುವುದಾದರೆ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಕಳೆಯಿರಿ. ಅಲ್ಲಿನವರು ಆಗ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಿರುತ್ತಾರೆ.